ದೊಡ್ಡಪ್ಪನ ಜೀಪು ಮತ್ತು 40 ಮಿಲಿಮೀಟರ್

ಎರಡನೇ ಸೆಮ್ ಪರೀಕ್ಷೆ ಮುಗಿಸಿ ಕಡಬಕ್ಕೆ ಹೋದಾಗ ನಾವು ಮಾಡಿದ ಮೊದಲ ಇಂಜಿನಿಯರಿಂಗ್ ಕೆಲಸ ಅಂದರೆ ದೊಡ್ಡಪ್ಪನ ಹಳೆ ಜೀಪಿನ ಚಕ್ರ ಬದಲಾಯಿಸಿದ್ದು. ನಾವು ಅಂದರೆ ದೊಡ್ಡಪ್ಪನ ಮಗ ಮತ್ತು ನಾನು. ಕಂಪನಿಯ ರಿಮ್ 5 ಇಂಚು ಅಗಲದ್ದು. ನಮಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದು 7 ಇಂಚಿನದ್ದು, ಬೋಲ್ಟ್ ತೂತುಗಳೂ ಸರಿಯಾಗಿ ಕೂತವು. ಟಯರಿನ ಎತ್ತರ ಹಳೆಯದರಷ್ಟೇ ಇತ್ತು. ಚಕ್ರಗಳು ಬಾಡಿಯಿಂದ ಹೊರಗೆ ಬಂದು ಜೀಪು ಎದೆ ಉಬ್ಬಿಸಿ ನಿಂತ ಹಾಗೆ ಕಾಣುತ್ತಿತ್ತು. ಹತ್ತು ಫೋಟೋ ತೆಗೆದೆವು.

ಅಡಿಕೆ ಮೂಟೆ ಹಾಕಿಕೊಂಡು ಪೇಟೆಗೆ ಹೋಗಿ ಬಂದ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: “ಸ್ಟೇರಿಂಗ್ ಕೈಗೆ ಹೊಡೀತದೆ ಮಾರಾಯ. ಎಂತ ಮಾಡಿದ್ದು ನೀವು ಇದಕ್ಕೆ?” ಹೊಸತಲ್ವಾ, ಅಭ್ಯಾಸ ಆಗ್ತದೆ ಅಂದೆವು.

ಒಂದು ವಾರದ ನಂತರ ಜೋರು ಮಳೆ. ಸುಬ್ರಹ್ಮಣ್ಯದಿಂದ ವಾಪಸ್ ಬರುವಾಗ ಮರ್ದಾಳದ ಹತ್ತಿರ ತಿರುವಿನಲ್ಲಿ ಎದುರಿಂದ ಬಸ್ಸು ಬಂತು. ದೊಡ್ಡಪ್ಪ ಎಂದಿನಂತೆ ಎಡಗಡೆಯ ಚಕ್ರಗಳನ್ನು ಡಾಮರಿನಿಂದ ಕೆಸರಿಗೆ ಇಳಿಸಿ ಬ್ರೇಕ್ ಒತ್ತಿದರು. ಜೀಪು ನಿಲ್ಲುವ ಬದಲು ಬಲಕ್ಕೆ, ಬಸ್ಸಿನ ಕಡೆಗೆ ಎಳೆಯಿತು. ಸ್ಟೇರಿಂಗ್ ತಾನಾಗಿಯೇ ತಿರುಗಿದ್ದನ್ನು ಹಿಂದೆ ಕೂತಿದ್ದ ನಾವಿಬ್ಬರೂ ನೋಡಿದೆವು. ದೊಡ್ಡಪ್ಪ ಬ್ರೇಕ್ ಬಿಟ್ಟು, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದರು. ಬಸ್ಸು ಒಂದು ಗೇಣು ದೂರದಲ್ಲಿ ದಾಟಿ ಹೋಯಿತು. ಮನೆ ತಲುಪುವವರೆಗೆ ಯಾರೂ ಮಾತಾಡಲಿಲ್ಲ.

ಆ ರಾತ್ರಿ ದೊಡ್ಡಪ್ಪ ಕೇಳಿದರು, “ನೀವು ಕಲಿಯುವುದು ಇದನ್ನೇ ಅಲ್ವಾ? ಯಾಕೆ ಹೀಗಾಯ್ತು, ಕನ್ನಡದಲ್ಲಿ ಹೇಳಿ ನೋಡುವ.” ನಮಗೆ ಇಂಗ್ಲಿಷಿನಲ್ಲೂ ಗೊತ್ತಿರಲಿಲ್ಲ. ಹಾಗಾಗಿ ಮರುದಿನ ಎರಡೂ ರಿಮ್‌ಗಳನ್ನು ಅಂಗಳದಲ್ಲಿ ಮಲಗಿಸಿ ಅಳೆದೆವು.

ಅಳೆಯುವುದು ಸುಲಭ. ಟಯರ್ ಕಳಚಿದ ರಿಮ್‌ನ ಹೊರಮುಖ ಕೆಳಗೆ ಮಾಡಿ ಇಡಬೇಕು. ಮೇಲಿನ ಅಂಚಿಗೆ ಅಡ್ಡವಾಗಿ ನೇರ ರೀಪು ಇಟ್ಟು, ಅಲ್ಲಿಂದ ಹಬ್‌ಗೆ ತಾಗಿ ಕೂರುವ ಮುಖದವರೆಗಿನ ಆಳ ನೋಡಬೇಕು. ಆ ಆಳದಿಂದ ರಿಮ್‌ನ ಒಟ್ಟು ಅಗಲದ ಅರ್ಧವನ್ನು ಕಳೆದರೆ ಬರುವುದೇ ಆಫ್‌ಸೆಟ್. ಒಂದು ವಿಷಯ ನೆನಪಿಡಿ: ಒಟ್ಟು ಅಗಲ ಅಂದರೆ ಅಂಚುಗಳೂ ಸೇರಿ, ಅಂದರೆ ರಿಮ್ ಮೇಲೆ ಬರೆದ ಅಗಲಕ್ಕಿಂತ ಸುಮಾರು ಒಂದು ಇಂಚು ಜಾಸ್ತಿ. ಹಳೆ ರಿಮ್‌ನ ಒಟ್ಟು ಅಗಲ 152 ಮಿ.ಮೀ., ಆಳ 101. ಆಫ್‌ಸೆಟ್ +25. ಹೊಸ ರಿಮ್‌ನ ಅಗಲ 204, ಆಳ 87. ಆಫ್‌ಸೆಟ್ -15. ಅಂದರೆ ಚಕ್ರದ ನಡುಗೆರೆ 40 ಮಿ.ಮೀ. ಹೊರಗೆ ಹೋಗಿತ್ತು. ನಮ್ಮ ಎದೆ ಉಬ್ಬಿದ ಜೀಪಿನ ಗುಟ್ಟು ಇಷ್ಟೇ.

ಈಗ ಸ್ಟೇರಿಂಗ್ ವಿಷಯ. ಮುಂದಿನ ಚಕ್ರ ತಿರುಗುವುದು ಕಿಂಗ್‌ಪಿನ್‌ನ ಸುತ್ತ. ಆ ಪಿನ್‌ನ ಗೆರೆಯನ್ನು ಕೆಳಗೆ ನೆಲದವರೆಗೆ ಎಳೆದು ನೋಡಿ. ಅದು ನೆಲ ಮುಟ್ಟುವ ಜಾಗಕ್ಕೂ ಟಯರ್ ನೆಲಕ್ಕೆ ತಾಗುವ ಜಾಗದ ನಡುಭಾಗಕ್ಕೂ ಇರುವ ಅಡ್ಡ ಅಂತರವೇ ಸ್ಕ್ರಬ್ ರೇಡಿಯಸ್. ತೋಟದ ಗೇಟಿನ ಹಾಗೆ ಯೋಚಿಸಿ. ತಿರುಗಣೆಯ ಹತ್ತಿರ ಕೈ ಇಟ್ಟು ದೂಡಿದರೆ ಗೇಟು ಅಲ್ಲಾಡುವುದಿಲ್ಲ, ದೂರ ಹೋದಷ್ಟೂ ಬೆರಳಲ್ಲೇ ತಿರುಗುತ್ತದೆ. ರಸ್ತೆಯ ಹೊಂಡ, ಬ್ರೇಕು ಎಲ್ಲ ಸೇರಿ ಚಕ್ರವನ್ನು ಹಿಂದಕ್ಕೆ ದೂಡುತ್ತವೆ. ಚಕ್ರ ಹೊರಗೆ ಹೋದಷ್ಟೂ ಆ ದೂಡುವಿಕೆ ಕಿಂಗ್‌ಪಿನ್ ಸುತ್ತ ಜೋರಾಗಿ ತಿರುಗಿಸುತ್ತದೆ.

ಹಳೆ ಚಕ್ರದಲ್ಲಿ ಆ ಅಂತರ 20 ಮಿ.ಮೀ. ಅಂತ ಇಟ್ಟುಕೊಳ್ಳಿ. ಟಯರಿನ ಎತ್ತರ ಬದಲಾಗದ ಕಾರಣ ಹೊಸತರಲ್ಲಿ ಅದು ನೇರವಾಗಿ 60. ಆಫ್‌ಸೆಟ್ ಬದಲಾಗಿದ್ದು 40 ಮಿ.ಮೀ. ಮಾತ್ರ, ಆದರೆ ಕಿಂಗ್‌ಪಿನ್‌ನ ಮಟ್ಟಿಗೆ ಮೂರು ಪಟ್ಟು. ಎರಡೂ ಕಡೆಯ ಬ್ರೇಕ್ ಸಮ ಇದ್ದಾಗ ಎರಡು ಚಕ್ರಗಳ ತಿರುಚು ಟೈ ರಾಡ್‌ನಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮರ್ದಾಳದಲ್ಲಿ ಸಮ ಇರಲಿಲ್ಲ. ಡಾಮರಿನ ಮೇಲಿದ್ದ ಬಲಚಕ್ರಕ್ಕೆ 2000 ನ್ಯೂಟನ್, ಕೆಸರಿನಲ್ಲಿದ್ದ ಎಡಚಕ್ರಕ್ಕೆ 800 ನ್ಯೂಟನ್ ಹಿಡಿತ ಸಿಕ್ಕಿತು ಅಂತ ಊಹಿಸಿ. ವ್ಯತ್ಯಾಸ 1200. ಹಳೆ ಚಕ್ರದಲ್ಲಿ ಅದು 24 ನ್ಯೂಟನ್ ಮೀಟರ್, ಹೊಸತರಲ್ಲಿ 72. ತಿರುಗುವ ದಿಕ್ಕು ಹಿಡಿತ ಜಾಸ್ತಿ ಇರುವ ಕಡೆಗೆ, ಅಂದರೆ ಬಲಕ್ಕೆ. ಹಿಡಿತ ಅಸಮ ಇದ್ದರೆ ಜೀಪು ಹೇಗೂ ಸ್ವಲ್ಪ ಬಲಕ್ಕೆ ತಿರುಗುತ್ತಿತ್ತು. ನಮ್ಮ ರಿಮ್ ಅದರ ಜೊತೆ ಸ್ಟೇರಿಂಗನ್ನೂ ಅದೇ ಕಡೆಗೆ ಎಳೆಯಿತು. ಎಡಕ್ಕೆ ಇಳಿದು ದಾರಿ ಬಿಡುವ ನಮ್ಮೂರ ರಸ್ತೆಯಲ್ಲಿ ಎದುರಿನ ಗಾಡಿ ಬರುವುದೂ ಅದೇ ಬಲಗಡೆ.

ಇದನ್ನೇ ತಿರುಗಿಸಿ ಉಪಯೋಗಿಸಿದ್ದು 1972ರ ಆಡಿ 80 ಕಾರು. ಅದರಲ್ಲಿ ಟಯರಿನ ನಡುಭಾಗವನ್ನು ಪಿನ್‌ನ ಗೆರೆಗಿಂತ ಒಳಗೆ ಇಟ್ಟಿದ್ದರು. ಆಗ ಹಿಡಿತ ಅಸಮವಾದರೆ ಚಕ್ರಗಳು ಎಳೆತದ ವಿರುದ್ಧ ದಿಕ್ಕಿಗೆ ತಾವೇ ಸ್ವಲ್ಪ ತಿರುಗಿ ಕಾರನ್ನು ನೇರ ಇಡಲು ನೋಡುತ್ತವೆ. ಅಂಥ ಕಾರಿಗೆ ಹೊರಗೆ ಚಾಚುವ ರಿಮ್ ಅಥವಾ ಸ್ಪೇಸರ್ ಹಾಕಿದರೆ ಆ ಸಹಾಯವನ್ನು ನಾವೇ ಕಿತ್ತುಹಾಕಿದ ಹಾಗೆ.

ಬೇರಿಂಗ್ ವಿಷಯ ಗೊತ್ತಾಗಿದ್ದು ಗ್ಯಾರೇಜಿನಲ್ಲಿ, ಹಳೆ ಚಕ್ರ ವಾಪಸ್ ಹಾಕಿಸುವಾಗ. ಎಡಚಕ್ರದಿಂದ ಗುಂಯ್ ಅನ್ನುವ ಸದ್ದು ಶುರುವಾಗಿತ್ತು. ಮೆಕ್ಯಾನಿಕ್ ಅಣ್ಣ ಜಾಕ್ ಹಾಕಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಕಟಕಟ ಅಂತ ಆಡುತ್ತಿತ್ತು. “ಒಬ್ಬ ಹೋಗಿ ಬ್ರೇಕ್ ಒತ್ತಿ ಹಿಡಿ” ಅಂದರು. ಒತ್ತಿದ ಕೂಡಲೇ ಆಟ ನಿಂತಿತು. “ಕಿಂಗ್‌ಪಿನ್ ಅಲ್ಲ, ಬೇರಿಂಗು” ಅಂದರು. ಬ್ರೇಕ್ ಒತ್ತಿದಾಗ ಹಬ್ ಹಿಂದಿನ ಭಾಗಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಬೇರಿಂಗಿನ ಆಟ ಮಾಯವಾಗುತ್ತದೆ. ಕಿಂಗ್‌ಪಿನ್ ಸವೆದಿದ್ದರೆ ಆಟ ಹಾಗೆಯೇ ಉಳಿಯುತ್ತಿತ್ತು.

ಹಬ್‌ನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್, ಒಳಗೊಂದು ಹೊರಗೊಂದು. ಕೋಲಿಗೆ ಮೂಟೆ ಕಟ್ಟಿ ಇಬ್ಬರು ಹೊತ್ತ ಹಾಗೆ. ಮೂಟೆ ಯಾರ ಹತ್ತಿರ ಸರಿಯುತ್ತದೋ ಅವನಿಗೆ ಭಾರ. ಚಕ್ರದ ಮೇಲೆ 4000 ನ್ಯೂಟನ್ ಭಾರ, ಬೇರಿಂಗ್‌ಗಳ ನಡುವೆ 60 ಮಿ.ಮೀ., ಮೊದಲು ಭಾರದ ಗೆರೆ ಒಳಗಿನ ಬೇರಿಂಗಿನಿಂದ 15 ಮಿ.ಮೀ. ಹೊರಗಿತ್ತು ಅಂತ ಲೆಕ್ಕ ಹಾಕಿ. ಆಗ ಒಳಗಿನದ್ದಕ್ಕೆ 3000, ಹೊರಗಿನದ್ದಕ್ಕೆ 1000. ಗೆರೆ 40 ಮಿ.ಮೀ. ಹೊರಗೆ ಸರಿದರೆ ಹೊರಗಿನದ್ದಕ್ಕೆ ಸುಮಾರು 3670, ಒಳಗಿನದ್ದಕ್ಕೆ ಬರೀ 330. ಜೀಪಿನ ಭಾರ ಒಂದು ಕಿಲೋ ಕೂಡ ಜಾಸ್ತಿ ಆಗಿಲ್ಲ. ರೋಲರ್ ಬೇರಿಂಗಿನ ಆಯಸ್ಸು ಭಾರದ 10/3 ಘಾತಕ್ಕೆ ವಿಲೋಮ, ಅಂದರೆ ಲೆಕ್ಕದ ಪ್ರಕಾರ ಹೊರಗಿನ ಬೇರಿಂಗಿನ ಆಯಸ್ಸು ಸುಮಾರು ಎಪ್ಪತ್ತಾರರಲ್ಲಿ ಒಂದು ಪಾಲಿಗೆ ಇಳಿಯಿತು. ಇದು ನೇರ ರಸ್ತೆಯ ಲೆಕ್ಕ ಮಾತ್ರ. ತಿರುವಿನಲ್ಲಿ ಟಯರಿಗೆ ಬೀಳುವ ಅಡ್ಡ ಬಲ ಇದಕ್ಕಿಂತ ದೊಡ್ಡ ತಿರುಚು ಕೊಡುತ್ತದೆ, ಕೆಲವೊಮ್ಮೆ ಇದರ ವಿರುದ್ಧವೂ. ಹಾಗಾಗಿ ನಿಜವಾದ ಆಯಸ್ಸು ಆ ಸಂಖ್ಯೆಯಷ್ಟು ಕೆಟ್ಟದಲ್ಲ. ನಮ್ಮದು ಮೊದಲೇ ಹಳೆ ಬೇರಿಂಗು, ಸವೆದಿದ್ದೂ ಇರಬಹುದು. ಆದರೂ ಅದರ ಮೇಲೆ ಮೂಟೆ ಸರಿಸಿದ್ದು ನಾವೇ.

ಹೊಸ ಬೇರಿಂಗ್, ಹಳೆ ಚಕ್ರ. ದೊಡ್ಡಪ್ಪನಿಗೆ ಗೇಟು, ಮೂಟೆ ಎರಡನ್ನೂ ವಿವರಿಸಿದೆವು. ಪೂರ್ತಿ ಕೇಳಿ, “ಇದನ್ನು ಚಕ್ರ ಹಾಕುವ ಮೊದಲು ಅಳೀಲಿಕ್ಕೆ ಆಗ್ತಿರಲಿಲ್ವಾ?” ಅಂದರು.

ಆಗುತ್ತಿತ್ತು. ಒಂದು ರೀಪು ಮತ್ತು ಐದು ನಿಮಿಷ ಸಾಕಿತ್ತು. 7 ಇಂಚಿನ ರಿಮ್‌ಗಳು ಈಗ ಅಡಿಕೆ ಕೊಟ್ಟಿಗೆಯಲ್ಲಿವೆ. ಬೇಕಾದವರು ಕೇಳಿದರೆ ಕೊಡುತ್ತೇವೆ, ಆದರೆ ಮೊದಲು ನಿಮ್ಮ ಹಳೆ ರಿಮ್ ಅಳೆದುಕೊಂಡು ಬನ್ನಿ.