ಮೂರನೆಯ ಸಾಲು

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಮೊದಲ ಕೆಲವು ತಿಂಗಳು ಅವರ ಬಾಯಿಯೇ ಕಟ್ಟಿಹೋಗುತ್ತದೆ. ನಮ್ಮಕ್ಕನ ಮಗಳಿಗೂ ಹಾಗೆಯೇ ಆಯಿತು. ಶಾಲೆಯಲ್ಲಿ ವಿಜ್ಞಾನಕ್ಕೆ ಮೊದಲಿಗಳಾಗಿದ್ದವಳು, "ಚಿಕ್ಕಮ್ಮಾ, ನಾನು ಆರ್ಟ್ಸಿಗೆ ಹೋಗಿಬಿಡ್ತೀನಿ" ಎಂದಳು. ಮದುವೆಗೆ ಮುಂಚೆ ನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆಯುತ್ತಾ ಕೂತೆವು.

ಉದ್ದುದ್ದ ಪದಗಳೇ ಕಷ್ಟವೆಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ದ್ಯುತಿಸಂಶ್ಲೇಷಣೆ ಎಂದರೆ ಫೋಟೋಸಿಂಥೆಸಿಸ್; ಎರಡರಲ್ಲೂ ಮೊದಲ ತುಂಡು ಬೆಳಕು, ಎರಡನೆಯದು ಕೂಡಿಸುವುದು. ಆಮ್ಲಜನಕವಂತೂ ಆಕ್ಸಿಜನ್ನಿನ ನೇರ ಅನುವಾದ. ಇಂಥ ಪದಗಳಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲ, ಆದ್ದರಿಂದ ಅವು ಮೋಸ ಮಾಡುವುದಿಲ್ಲ.

ಮೋಸ ಮಾಡುವುದು ದಿನಬಳಕೆಯ ಪದಗಳು. ಅವಳು ನಿಘಂಟು ನೋಡಿ ಪವರ್ ಎಂದರೆ ಶಕ್ತಿ ಎಂದು ಬರೆದುಕೊಂಡಿದ್ದಳು. ಮಾತಿನಲ್ಲಿ ಅದು ಸರಿಯೇ. ಆದರೆ ಭೌತಶಾಸ್ತ್ರದ ಪುಸ್ತಕದಲ್ಲಿ ಶಕ್ತಿ ಎಂದರೆ ಎನರ್ಜಿ, ಪವರ್ ಎಂದರೆ ಸಾಮರ್ಥ್ಯ. ಪವರ್ ಕೇಳಿದ ಲೆಕ್ಕಕ್ಕೆಲ್ಲ ಅವಳು ಎನರ್ಜಿ ಕಂಡುಹಿಡಿದು ಬರುತ್ತಿದ್ದಳು!

ನೀರಿನ ಕೊಡದ ಲೆಕ್ಕ ಹಾಕಿಸಿದೆ. ಹದಿನೈದು ಕೆ.ಜಿ.ಯ ತುಂಬಿದ ಕೊಡವನ್ನು ನಾಲ್ಕು ಮೀಟರ್ ಎತ್ತರದ ಮಹಡಿಗೆ ಒಯ್ಯಬೇಕು. ಗುರುತ್ವವನ್ನು ಸುಮಾರಿಗೆ ಹತ್ತು ಎಂದಿಟ್ಟುಕೊಂಡರೆ, ಕೊಡ ಎತ್ತಲು 600 ಜೂಲ್ ಶಕ್ತಿ ಬೇಕು. ಅಜ್ಜಿ ನಿಧಾನವಾಗಿ ಹತ್ತಿದರೂ ಅಷ್ಟೇ, ಮೊಮ್ಮಗಳು ಓಡಿದರೂ ಅಷ್ಟೇ. ಆದರೆ ಅಜ್ಜಿಗೆ ಅರವತ್ತು ಸೆಕೆಂಡು ಹಿಡಿದರೆ ಸಾಮರ್ಥ್ಯ 10 ವ್ಯಾಟ್. ಮೊಮ್ಮಗಳು ಇಪ್ಪತ್ತರಲ್ಲಿ ಮುಗಿಸಿದರೆ 30 ವ್ಯಾಟ್. ಕರೆಂಟಿನಲ್ಲೂ ಇದೇ ಕಥೆ. ಇಸ್ತ್ರಿಪೆಟ್ಟಿಗೆಯ ಮೇಲೆ ಬರೆದ 1000 ವ್ಯಾಟ್ ಸಾಮರ್ಥ್ಯ. ಅದು ಒಂದು ಗಂಟೆ ಪೂರ್ತಿ ಕಾದರೆ ಬಿಲ್ಲಿನಲ್ಲಿ ಏರುವ ಒಂದು ಯೂನಿಟ್ ಶಕ್ತಿ.

ಆಗ ನೋಟ್‌ಬುಕ್ಕಿನಲ್ಲಿ ಮೂರನೆಯ ಸಾಲೊಂದನ್ನು ಎಳೆದು ಏಕಮಾನ ಬರೆಸಿದೆ. ಪದ ಬದಲಾದರೂ ಜೂಲ್, ವ್ಯಾಟ್ ಎರಡು ಭಾಷೆಯಲ್ಲೂ ಒಂದೇ. ಪ್ರಶ್ನೆ ವ್ಯಾಟ್‌ನಲ್ಲಿ ಉತ್ತರ ಕೇಳಿದ್ದರೆ ಅದು ಸಾಮರ್ಥ್ಯವೇ.

ಈ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ. ಮನೆಯಲ್ಲಿ ನಾವು ಸ್ಪೀಡಿಗೆ ವೇಗವೆನ್ನುತ್ತೇವೆ. ಪಾಠದಲ್ಲಿ ಸ್ಪೀಡ್ ಎಂದರೆ ಜವ, ವೇಗ ಎಂದರೆ ವೆಲಾಸಿಟಿ. ಎರಡಕ್ಕೂ ಏಕಮಾನ ಸೆಕೆಂಡಿಗೆ ಇಷ್ಟು ಮೀಟರ್ ಎಂದೇ. ಅಲ್ಲಿ ದಿಕ್ಕನ್ನು ಕೇಳಬೇಕು. ಮಾರುಕಟ್ಟೆಗೆ ಹೋಗಿ ಮನೆಗೆ ಮರಳಿದವಳ ಸರಾಸರಿ ಜವಕ್ಕೆ ಲೆಕ್ಕವಿದೆ, ಸರಾಸರಿ ವೇಗ ಮಾತ್ರ ಸೊನ್ನೆ!

"ಚೀಲ ಹೊತ್ತು ಕೈ ಸೋತದ್ದಕ್ಕೆ ಸೊನ್ನೆಯೇ ಚಿಕ್ಕಮ್ಮಾ?" ಎಂದು ನಕ್ಕಳು. ಆರ್ಟ್ಸಿನ ಮಾತು ಮತ್ತೆ ಬರಲಿಲ್ಲ. ಈಗ ಆ ನೋಟ್‌ಬುಕ್ಕು ಎದುರುಮನೆಯ ಹುಡುಗನ ಬಳಿ ಇದೆ.