ಏಳೂವರೆ ಕಿಲೋ ಸಕ್ಕರೆ

ನಾವಿಬ್ಬರು ಅಕ್ಕತಂಗಿಯರು. ಊರ ಬಸ್ ಸ್ಟ್ಯಾಂಡ್ ಎದುರು ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಹಗಲು ಅಪ್ಪ ಕೂಡುತ್ತಾನೆ. ಸಂಜೆ ಗಿರಾಕಿ ಜಾಸ್ತಿ, ಅದಕ್ಕೇ ಡಿಗ್ರಿ ಓದುವ ಪಕ್ಕದ ಓಣಿಯ ಹುಡುಗನೊಬ್ಬ ಕೆಲಸಕ್ಕೆ ಬರುತ್ತಾನೆ. ಪ್ರತಿ ಅಮಾವಾಸ್ಯೆಗೆ ಪೂಜೆಗೂ ಮೊದಲು ಅಂಗಡಿ ಸ್ವಚ್ಛ ಮಾಡಿ ಮಾಲು ಎಣಿಸುವುದು ನಮ್ಮ ಪದ್ಧತಿ. ಹೋದ ಅಮಾವಾಸ್ಯೆಗೆ ಸಕ್ಕರೆಯ ಲೆಕ್ಕ ಕೂಡಲಿಲ್ಲ.

ಲೆಕ್ಕ ಸರಳ. ಹಿಂದಿನ ಎಣಿಕೆಯಲ್ಲಿ 18 ಕಿಲೋ ಉಳಿದಿತ್ತು. ನಡುವೆ 50 ಕಿಲೋದ ಎರಡು ಚೀಲ ಬಂದವು. ಒಟ್ಟು 118. ಮಾರಾಟದ ರಿಜಿಸ್ಟರ್‌ನಲ್ಲಿ 83 ಕಿಲೋ ಮಾರಿದ್ದು ಬರೆದಿತ್ತು. ಅಂದರೆ 35 ಕಿಲೋ ಉಳಿಯಬೇಕು. ತೂಗಿದರೆ ಇದ್ದದ್ದು 27 ಕಿಲೋ 500 ಗ್ರಾಂ. ಏಳೂವರೆ ಕಿಲೋ ಇಲ್ಲ.

ಅಪ್ಪ ಸುಮ್ಮನೆ ಬಾಗಿಲ ಕಡೆ ನೋಡಿದ. "ಸಂಜೀಕ ಯಾರ ಕೈಯಾಗ ಇರತೈತಿ ಅಂಗಡಿ?" ಅಂದ. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಮಗೂ ಒಂದು ಕ್ಷಣ ಅದೇ ಅನುಮಾನ ಬಂತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಅವನನ್ನು ಕೇಳುವ ಮೊದಲು ಪುಸ್ತಕವನ್ನೇ ಒಮ್ಮೆ ಕೇಳೋಣ ಅಂತ ಅಪ್ಪನಿಂದ ಒಂದು ದಿನ ತೆಗೆದುಕೊಂಡೆವು.

ಮೊದಲು ಇನ್ನೊಮ್ಮೆ ತೂಗಿದೆವು. ಈ ಸಲ ತೂಗಿದವಳಿಗೆ 35ರ ಅಂಕಿ ಹೇಳಲಿಲ್ಲ. ಪುಸ್ತಕದ ಅಂಕಿ ಗೊತ್ತಿದ್ದರೆ ಕಣ್ಣು ಅದರ ಕಡೆಗೇ ಜಾರುತ್ತದೆ. ಡಬ್ಬಿಯಲ್ಲಿದ್ದದ್ದು, ಕಟ್ಟಿಟ್ಟ ಪ್ಯಾಕೆಟ್, ಒಳಕೋಣೆಯ ಒಡೆದ ಚೀಲ, ಮೂರೂ ಸೇರಿಸಿದರೆ ಮತ್ತೆ ಅಷ್ಟೇ ಬಂತು. ಹಾಗಾದರೆ ಎಣಿಕೆ ಸರಿ, ತಪ್ಪು ಬೇರೆಲ್ಲೋ ಇದೆ.

ಆಮೇಲೆ ಉದ್ರಿ ಪುಸ್ತಕ ತೆಗೆದೆವು. ನಮ್ಮಲ್ಲಿ ನಗದು ಕೊಟ್ಟದ್ದು ರಿಜಿಸ್ಟರ್‌ಗೆ, ಸಾಲದ್ದು ಉದ್ರಿ ಪುಸ್ತಕಕ್ಕೆ ಹೋಗುತ್ತದೆ. ಸಾಲ ತೀರಿದ ದಿನ ಅಪ್ಪ ಅದನ್ನು ರಿಜಿಸ್ಟರ್‌ಗೆ ಏರಿಸುತ್ತಾನೆ. ಆದರೆ ಮಾಲು ಅಂಗಡಿ ಬಿಡುವುದು ದುಡ್ಡು ಬಂದ ದಿನ ಅಲ್ಲವಲ್ಲ! ಒಂದು ಕುಬಸದ ಮನೆಗೆ 4 ಕಿಲೋ ಸಕ್ಕರೆ ಹೋಗಿತ್ತು. ಬರೆದದ್ದು ಅಪ್ಪನ ಅಕ್ಷರದಲ್ಲೇ. ದುಡ್ಡು ಇನ್ನೂ ಬಂದಿಲ್ಲ, ಹೀಗಾಗಿ ರಿಜಿಸ್ಟರ್‌ಗೂ ಬಂದಿಲ್ಲ.

ಉಳಿದದ್ದು ಮೂರೂವರೆ. ಅವ್ವನನ್ನು ಕೇಳಿದೆವು. "ಮನಿಗೆ ಎರಡು ಕಿಲೋ ತಂದೀನಿ, ಅದನ್ನೂ ಬರೀಬೇಕೇನು?" ಅಂದಳು. ಬರೆಯಬೇಕಿತ್ತು. ಎಷ್ಟು ವರ್ಷದಿಂದ ಹೀಗೆ ಚಹಾಕ್ಕೆ ಹೋಗಿದೆಯೋ!

ಉಳಿದ ಒಂದೂವರೆ ಕಿಲೋ ನಮ್ಮನ್ನು ಕಾಡಿತು. ಕೊನೆಗೆ ಅಪ್ಪ ಕಟ್ಟಿಟ್ಟಿದ್ದ ಕಾಲು ಕಿಲೋದ ಹತ್ತು ಪ್ಯಾಕೆಟ್ ತೆಗೆದುಕೊಂಡೆವು. ಪಾತ್ರೆ ಇಟ್ಟು ಕಾಟಾ ಸೊನ್ನೆಗೆ ತಂದು, ಹತ್ತನ್ನೂ ಅದರಲ್ಲಿ ಸುರಿದೆವು. ಎರಡೂವರೆ ಕಿಲೋ ಇರಬೇಕಾದಲ್ಲಿ 2 ಕಿಲೋ 550 ಗ್ರಾಂ ಇತ್ತು. ಅಂದರೆ ಪ್ಯಾಕೆಟ್‌ಗೆ 5 ಗ್ರಾಂ ಹೆಚ್ಚು. ಅಪ್ಪನ ಕೈ ಮೊದಲಿಂದ ಹಾಗೇ, ಗಿರಾಕಿಗೆ ಕಡಿಮೆ ಹೋಗಬಾರದು ಅಂತ ಕೊನೆಗೊಂದು ಚಿಟಿಕೆ ಹಾಕುತ್ತಾನೆ. ರಿಜಿಸ್ಟರ್‌ನಲ್ಲಿ ಆ ಅವಧಿಯ ಕಾಲು ಕಿಲೋ ಮಾರಾಟ ಎಣಿಸಿದರೆ 240 ಆದವು. ಎಲ್ಲವಕ್ಕೂ ಅಷ್ಟೇ ಹೆಚ್ಚು ಹೋಗಿದ್ದರೆ 1 ಕಿಲೋ 200 ಗ್ರಾಂ ಅಲ್ಲೇ ಹೋಯಿತು. ಇದು ಅಂದಾಜೇ, ಆದರೆ ಕಾಟಾದಿಂದ ಬಂದ ಅಂದಾಜು.

ಇನ್ನು 300 ಗ್ರಾಂ ಉಳಿಯಿತು. ಚೀಲ ಒಡೆಯುವಾಗ ಚೆಲ್ಲಿದ್ದು, ಇರುವೆ ಮುತ್ತಿದ್ದನ್ನು ಗುಡಿಸಿ ಎಸೆದದ್ದು ಇರಬಹುದು. ಅದಕ್ಕೆ ಸುಳ್ಳು ಕಾರಣ ಹುಡುಕಲಿಲ್ಲ. ಹಾಗೆಂದು 83 ಅನ್ನು ತಿದ್ದಿ ಲೆಕ್ಕ ಕೂಡಿಸಲೂ ಇಲ್ಲ. ಕೆಳಗೆ ಬೇರೆ ಸಾಲಿನಲ್ಲಿ ತಾರೀಖು ಹಾಕಿ, ಉದ್ರಿ 4, ಮನೆ 2, ತೂಕದಲ್ಲಿ ಹೆಚ್ಚು ಹೋದದ್ದು 1.2, ಗೊತ್ತಿಲ್ಲ 0.3 ಅಂತ ಬರೆದೆವು. ಅಂಕಿ ತಿದ್ದಿಬಿಟ್ಟರೆ ಮುಂದಿನ ಅಮಾವಾಸ್ಯೆಗೆ ಅದೇ ರಂಧ್ರ ಮತ್ತೆ ಕಾಣುವುದಿಲ್ಲ.

ಸಾಬೂನಿನಲ್ಲೂ ಲೆಕ್ಕ ತಪ್ಪಿತ್ತು, ಅದು ಬೇಗ ಸಿಕ್ಕಿತು. ಕೆಂಪು ಸಾಬೂನು ನಾಲ್ಕು ಕಡಿಮೆ, ಹಸಿರು ನಾಲ್ಕು ಹೆಚ್ಚು. ಒಂದೇ ಬೆಲೆಯ ಎರಡು ಮಾಲಿನಲ್ಲಿ ಒಂದರ ಕೊರತೆಯಷ್ಟೇ ಇನ್ನೊಂದರಲ್ಲಿ ಹೆಚ್ಚಿದ್ದರೆ, ಬರೆಯುವಾಗ ಹೆಸರು ಅದಲುಬದಲಾಗಿದೆಯೇ ಅಂತ ಮೊದಲು ನೋಡಬೇಕು. ಆ ಗೀಚು ನಮ್ಮದೇ ಆಗಿತ್ತು.

ಮರುದಿನ ಸಂಜೆ ಹುಡುಗ ಬಂದಾಗ ಅಪ್ಪ ಪುಸ್ತಕ ತೆರೆದು ಅವನ ಮುಂದೆ ಇಟ್ಟ. "ಇನ್ನ ಉದ್ರಿ ಕೊಟ್ಟ ದಿನಾನ ಇಲ್ಲೂ ಬರೀ, ಮುಂದ 'ಉ' ಅಂತ ಹಾಕು" ಅಂದ. ಹುಡುಗ ಹಿಂದಿನ ಪುಟ ನೋಡಿ, "ಕಾಕಾ, ಸಕ್ರಿ ಕಡಿಮಿ ಬಂದಿತ್ತೇನು?" ಎಂದು ಕೇಳಿದ. ಅಪ್ಪ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, "ಬಂದಿತ್ತು, ನಮ್ಮ ಕಡೆಯಿಂದಾನ" ಅಂದು ಚಹಾ ಹೇಳಿದ.