ಆಯಿಗೆ ಎಂಬತ್ತು

ಈ ಡಿಸೆಂಬರ್‌ನಲ್ಲಿ ನಮ್ಮ ಆಯಿಗೆ ಎಂಬತ್ತು ತುಂಬುತ್ತದೆ. ಒಂದು ಕಾರ್ಡಿನಲ್ಲಿ ಶುಭಾಶಯ ಬರೆದು ಕೊಡೋಣ ಎಂದು ಕುಳಿತೆ. ದಿನಾಂಕ ಹಾಕಬೇಕಾದ ಜಾಗದಲ್ಲಿ ಪೆನ್ನು ನಿಂತಿತು.

ಆಧಾರ್ ಕಾರ್ಡಿನಲ್ಲಿ 01-01-1950 ಎಂದಿದೆ. ಬೇವೂರಿನ ನಮ್ಮ ಓಣಿಯಲ್ಲಿ ಜನವರಿ ಒಂದರಂದು ಹುಟ್ಟಿದ ಹಿರಿಯರು ಎಷ್ಟಿದ್ದಾರೆಂದರೆ, ಆ ದಿನ ಮನೆಮನೆಗೂ ಕೇಕ್ ತರಬೇಕಾದೀತು! ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆ ಬರೆದುಕೊಳ್ಳುವವರು ಅಂದಾಜಿನಲ್ಲಿ ಒಂದು ವರ್ಷ ಹಿಡಿದು, ಅದರ ಮೊದಲ ದಿನವನ್ನು ಹಾಕಿಬಿಡುತ್ತಾರೆ. ಆ ಲೆಕ್ಕದಲ್ಲಿ ಆಯಿಗೆ ಇನ್ನೂ ಎಪ್ಪತ್ತೈದು.

ಆಯಿಯ ಲೆಕ್ಕವೇ ಬೇರೆ. ಕಳೆದ ಜುಲೈನಲ್ಲಿ ಮೊಹರಂ ಖತಲ್ ರಾತ್ರಿ, ಅಲಾಯಿ ನೋಡಲು ಹೊರಟವರ ಮುಂದೆ "ನನಗ ಇವತ್ತಿಗೆ ಎಂಬತ್ತೆರಡು ತುಂಬಿದ್ವು ನೋಡ್ರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಆಯಿ, ನಿನ್ನ ವಯಸ್ಸು ವರ್ಷಕ್ಕೆ ಎರಡು ಸಲ ಏರತೈತೇನು?" ಎಂದೆ. ಅವಳು ಸೆರಗು ಸರಿಮಾಡಿಕೊಂಡು ಸುಮ್ಮನಾದಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಕಾರ್ಡಿನ ನೆವದಲ್ಲಿ ಮತ್ತೆ ಕೇಳಿದೆ. ಅವಳ ತಾಯಿ ಹೇಳಿದ್ದೆಂದು ಆಯಿ ಮೂರು ಮಾತು ಹೇಳಿದಳು. "ನಾ ಹುಟ್ಟಿದ್ದು ಖತಲ್ ರಾತ್ರಿ. ಸೂಲಗಿತ್ತಿ ಅಲಾಯಿ ನೋಡಾಕ ಹೋಗಿದ್ಲಂತ, ಕರಕೊಂಡು ಬರೂದ್ರಾಗ ನಾ ಬಂದುಬಿಟ್ಟಿದ್ದೆ. ಆಗ ಹೊಲದಾಗ ಸೀತನಿ ಇತ್ತು. ಮತ್ತ ಸ್ವಾತಂತ್ರ್ಯ ಬಂದಾಗ ಪೇಡೆ ಹಂಚಿದ್ರು, ನಾ ಓಡಿಹೋಗಿ ಎರಡು ಸಲ ಕೈಯೊಡ್ಡಿದ್ದೆನಂತ. ಮಾತು ಇನ್ನೂ ಬರ್ತಿರಲಿಲ್ಲ."

ಇಷ್ಟು ಸಾಕಾಯಿತು. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಹೀಗಾಗಿ ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ಮೂವತ್ಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಸೀತನಿ ಎಂದರೆ ಹಿಂಗಾರಿ ಜೋಳದ ಎಳೆ ಕಾಳು. ಅದು ನಮ್ಮ ಕಡೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಸ್ವಾತಂತ್ರ್ಯಕ್ಕೆ ಮುಂಚಿನ ಮೂರು ಮೊಹರಂಗಳೂ ಡಿಸೆಂಬರ್‌ನಲ್ಲೇ ಬಿದ್ದಿದ್ದವು: 1944ರಲ್ಲಿ 26ರ ಸುಮಾರು, 1945ರಲ್ಲಿ 15ರ ಸುಮಾರು, 1946ರಲ್ಲಿ 5ರ ಸುಮಾರು. ಚಂದ್ರ ಕಂಡದ್ದರ ಮೇಲೆ ಒಂದು ದಿನ ಆಚೀಚೆ ಆಗಬಹುದು.

ಈ ಮೂರರಲ್ಲಿ ಯಾವುದು? ಇಲ್ಲಿ ಪೇಡೆ ಕೆಲಸಕ್ಕೆ ಬಂತು. 1946ರಲ್ಲಿ ಹುಟ್ಟಿದ್ದರೆ 1947ರ ಆಗಸ್ಟ್‌ನಲ್ಲಿ ಎಂಟು ತಿಂಗಳ ಕೂಸು, ಓಡುವ ಮಾತೇ ಇಲ್ಲ. 1944 ಆಗಿದ್ದರೆ ಎರಡೂವರೆ ವರ್ಷ ದಾಟಿರುತ್ತಿತ್ತು. ಆಯಿಯಂಥವಳು ಅಷ್ಟು ದಿನ ಮಾತಾಡದೆ ಇದ್ದಳೆಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಇಪ್ಪತ್ತು ತಿಂಗಳ ಮಗು ಓಡುತ್ತದೆ, ಕೈಯೊಡ್ಡುತ್ತದೆ, ಮಾತು ತೊದಲುತ್ತದೆ. ಹಾಗಾಗಿ 1945ರ ಡಿಸೆಂಬರ್, 14ರ ರಾತ್ರಿ ಎಂದು ಹಿಡಿದೆ.

ಆಮೇಲೆ ಹಿಜರಿ ವರ್ಷ ನೋಡಿದೆ. ಅವಳು ಹುಟ್ಟಿದ್ದು 1365ರ ಮೊಹರಂನಲ್ಲಿ. ಈ ಜುಲೈನದು 1447ರ ಮೊಹರಂ. ಕಳೆದರೆ ಎಂಬತ್ತೆರಡು! ಆಯಿ ಒಂದನ್ನೂ ತಪ್ಪಿಸದೆ ಎಣಿಸಿದ್ದಳು. ಶಾಲೆಯ ಮೆಟ್ಟಿಲು ಹತ್ತದವಳ ಲೆಕ್ಕ ಸರಿಯಿತ್ತು, ತಪ್ಪಿದ್ದು ಕಾರ್ಡಿನದು. ಕಾರ್ಡಿನಲ್ಲಿ ವಯಸ್ಸು ಕಡಿಮೆಯಾದದ್ದಕ್ಕೆ ಮಾಸಾಶನವೂ ತಡವಾಗಿ ಶುರುವಾಗಿತ್ತು ಎಂದು ಅಪ್ಪ ಹೇಳಿದರು. ಅದನ್ನು ಆಯಿ ಎಂದೂ ದೂರಿರಲಿಲ್ಲ.

ಇನ್ನೊಂದು ಸಂಗತಿ ಕಂಡಿತು. ಮೊಹರಂ ತಿರುಗಿ ಡಿಸೆಂಬರ್‌ಗೆ ಬಂದದ್ದು 1978ರಲ್ಲಿ, ಆಮೇಲೆ 2011ರಲ್ಲಿ. ಹುಟ್ಟಿದ ಸೀತನಿಯ ಮೊಹರಂ ಅವಳ ಬಾಳಿನಲ್ಲಿ ಎರಡು ಸಲ ಸುತ್ತಿ ಬಂದಿದೆ. ಕೇಳಿದರೆ, "1978 ಗಿಮಿಸಿ ನನಗ ಗೊತ್ತಿಲ್ಲ. ನಿಮ್ಮಪ್ಪನ್ನ ಬಗಲಾಗ ಕಟಗೊಂಡು ಸೀತನಿ ಬಡಿದಿದ್ದೆ, ಅವತ್ತೂ ಅಲಾಯಿ ಇತ್ತು" ಎಂದಳು.

ಕಾರ್ಡಿನಲ್ಲಿ ಹೀಗೆ ಬರೆದೆ:

"ಆಯಿ, ನಿನಗೆ ಸೂರ್ಯನ ಲೆಕ್ಕದಲ್ಲಿ ಎಂಬತ್ತು, ಚಂದ್ರನ ಲೆಕ್ಕದಲ್ಲಿ ಎಂಬತ್ತೆರಡು. ಎರಡೂ ಖರೆ. ಜುಲೈನಲ್ಲಿ ನಕ್ಕಿದ್ದಕ್ಕೆ ನನ್ನನ್ನು ಮಾಫ್ ಮಾಡು. ಕಾಳು ತುಂಬಿದ ತೆನೆ ಸದ್ದಿಲ್ಲದೆ ಬಾಗುತ್ತದೆ, ನೀನು ಬಾಳಿದ್ದು ಹಾಗೆ. ಅಲ್ಲಾಹು ನಿನಗೆ ಆರೋಗ್ಯ ಕೊಡಲಿ."

ಓದಿ ಹೇಳಿದೆ. ಕಾರ್ಡನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ತೆನಿ ಬಾಗಿದ್ದು ಕಾಳಿನ ಭಾರಕ್ಕಲ್ಲೋ, ನನ್ನದು ಮಣಕಾಲ ನೋವು" ಎಂದಳು. ಆಮೇಲೆ ಕಾರ್ಡನ್ನು ಮಡಿಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಬರುವ ಮೊಹರಂಗೆ ಎಷ್ಟು ತುಂಬುತ್ತದೆ ಎಂದು ನನ್ನನ್ನೇ ಕೇಳಿದಳು. ಎಂಬತ್ಮೂರು ಎಂದೆ.

"ಈಗ ಲೆಕ್ಕ ಬಂತು ನೋಡು ನಿನಗ," ಎಂದಳು.